ಗ್ರಾಮರ್ ಖಾಲಿಯೇ? ನೋಡಿ ಹೇಳಬಹುದು. ಎಲ್ಲವನ್ನೂ ಕೊಡುತ್ತದೆಯೇ? ಹೇಳಲು ದಾರಿಯೇ ಇಲ್ಲ

ಕಂಪೈಲರ್ ಬರೆಯುವವರಿಗೂ ಆಟೋಮ್ಯಾಟಾ ಪೇಪರ್ ಓದುವವರಿಗೂ ಕಾಂಟೆಕ್ಸ್ಟ್-ಫ್ರೀ ಗ್ರಾಮರ್ ಗೊತ್ತಿರುವುದೇ. ನಿಯಮದ ಎಡಕ್ಕೆ ಒಂದೇ ಒಂದು ದೊಡ್ಡಕ್ಷರ ಇರುತ್ತದೆ. ಅದರ ಜಾಗದಲ್ಲಿ ಏನೇನು ಬರೆಯಬಹುದು ಎಂಬುದು ಬಲಕ್ಕೆ ಇರುತ್ತದೆ. `|` ಎಂದರೆ ‘ಅಥವಾ’. `S`ನಿಂದ ಶುರು ಮಾಡಿ, ದೊಡ್ಡಕ್ಷರ ಒಂದೂ ಉಳಿಯದ ಹಾಗೆ ಬದಲಾಯಿಸುತ್ತಾ ಹೋದರೆ ಒಂದು ಸ್ಟ್ರಿಂಗ್ ಸಿಗುತ್ತದೆ.

ಇಂಥ ಒಂದು ಗ್ರಾಮರ್ ಕೈಗೆ ಕೊಟ್ಟು ಎರಡು ಪ್ರಶ್ನೆ ಕೇಳಬಹುದು. ಇದರಿಂದ ಒಂದಾದರೂ ಸ್ಟ್ರಿಂಗ್ ಬರುತ್ತದೆಯೇ? ಇರುವ ಅಕ್ಷರಗಳಿಂದ ಮಾಡಬಹುದಾದ ಎಲ್ಲ ಸ್ಟ್ರಿಂಗ್‌ಗಳೂ ಬರುತ್ತವೆಯೇ? ಕೇಳುವಾಗ ಎರಡೂ ಒಂದೇ ತೂಕದವು ಅನ್ನಿಸುತ್ತವೆ. ಮೊದಲನೆಯದನ್ನು ಪೆನ್ಸಿಲ್ ಹಿಡಿದು ಐದು ನಿಮಿಷದಲ್ಲಿ ಮುಗಿಸಬಹುದು. ಎರಡನೆಯದಕ್ಕೆ ಎಲ್ಲ ಗ್ರಾಮರ್‌ಗಳ ಮೇಲೂ ಕೆಲಸ ಮಾಡುವ ಪ್ರೋಗ್ರಾಂ ಬರೆಯಲು ಯಾರಿಂದಲೂ ಆಗದು. ಎರಡನ್ನೂ ಮಾಡಿಯೇ ನೋಡೋಣ.

ಮೊದಲು ಸುಲಭದ್ದು: ಖಾಲಿಯೇ ಎಂದು ನೋಡುವುದು

ಈ ಗ್ರಾಮರ್ ತೆಗೆದುಕೊಳ್ಳಿ:

```
S -> A B | C
A -> a A | a
B -> b B
C -> A D
D -> d | B
```

‘ಸ್ಟ್ರಿಂಗ್ ಆಗಿ ಮುಗಿಯಬಲ್ಲದು’ ಎಂದು ಖಚಿತವಾದ ದೊಡ್ಡಕ್ಷರಕ್ಕೆ ಟಿಕ್ ಹಾಕುತ್ತಾ ಹೋಗಬೇಕು. ಬಲಕ್ಕೆ ಬರೀ ಸಣ್ಣಕ್ಷರ ಇರುವ ನಿಯಮ ಯಾವುದಕ್ಕಿದೆ? `A`ಗೆ `a` ಇದೆ, `D`ಗೆ `d` ಇದೆ. ಎರಡಕ್ಕೂ ಟಿಕ್. ಮುಂದಿನ ಸುತ್ತಿನಲ್ಲಿ, ಬಲಗಡೆಯ ದೊಡ್ಡಕ್ಷರಗಳಿಗೆಲ್ಲ ಆಗಲೇ ಟಿಕ್ ಬಿದ್ದಿರುವ ನಿಯಮ ಹುಡುಕಿ. `C -> A D` ಸಿಕ್ಕಿತು, `C`ಗೆ ಟಿಕ್. ಅದರ ಮುಂದಿನ ಸುತ್ತಿನಲ್ಲಿ `S -> C`ಯಿಂದ `S`ಗೂ ಟಿಕ್. ಹಾಗಾಗಿ ಈ ಗ್ರಾಮರ್ ಖಾಲಿಯಲ್ಲ. ಬೇಕಿದ್ದರೆ `ad` ಮಾಡಿ ನೋಡಿ, ಬರುತ್ತದೆ.

`B`ಗೆ ಮಾತ್ರ ಎಂದೂ ಟಿಕ್ ಬೀಳುವುದಿಲ್ಲ. ಅದು ತನ್ನನ್ನೇ ಕರೆದುಕೊಳ್ಳುತ್ತದೆ, ನಿಲ್ಲುವ ದಾರಿ ಇಲ್ಲ. ಈಗ `D`ಯ ಸಾಲಿನಿಂದ `d` ಅಳಿಸಿ, `D -> B` ಮಾತ್ರ ಉಳಿಸಿ. ಟಿಕ್ `A`ಗೆ ಬಿದ್ದು ಅಲ್ಲಿಗೇ ನಿಲ್ಲುತ್ತದೆ. `S`ಗೆ ಟಿಕ್ ಇಲ್ಲ, ಗ್ರಾಮರ್ ಖಾಲಿ.

ಈ ವಿಧಾನ ನಿಂತೇ ನಿಲ್ಲುತ್ತದೆ. ಒಂದು ಸುತ್ತಿನಲ್ಲಿ ಹೊಸ ಟಿಕ್ ಒಂದೂ ಬೀಳಲಿಲ್ಲವೆಂದರೆ ಇನ್ನು ಮುಂದೆಯೂ ಬೀಳದು. ಐದು ದೊಡ್ಡಕ್ಷರ ಇದ್ದರೆ ಐದಕ್ಕಿಂತ ಜಾಸ್ತಿ ಟಿಕ್ ಹಾಕುವ ಹಾಗೇ ಇಲ್ಲ.

ಈಗ ಎರಡನೆಯ ಪ್ರಶ್ನೆ

ಎಲ್ಲ ಸ್ಟ್ರಿಂಗ್‌ಗಳೂ ಬರುತ್ತವೆಯೇ ಎಂದು ತಿಳಿಯಲು ಯಾರಿಗಾದರೂ ಮೊದಲು ಹೊಳೆಯುವುದು ಇದು: ಚಿಕ್ಕದರಿಂದ ಶುರು ಮಾಡಿ ಒಂದೊಂದೇ ಸ್ಟ್ರಿಂಗ್ ತೆಗೆದುಕೊಂಡು, ಗ್ರಾಮರ್‌ನಿಂದ ಬರುತ್ತದೆಯೇ ಎಂದು ನೋಡುತ್ತಾ ಹೋಗುವುದು. ಒಂದು ಸ್ಟ್ರಿಂಗ್ ಬರುತ್ತದೆಯೋ ಇಲ್ಲವೋ ಎಂದು ಹೇಳಲು ಸಿವೈಕೆ ಎಂಬ ಅಲ್ಗಾರಿದಮ್ ಇದೆ, ಅದು ಖಂಡಿತ ಉತ್ತರ ಕೊಡುತ್ತದೆ. ಬಾರದ ಸ್ಟ್ರಿಂಗ್ ಒಂದು ಸಿಕ್ಕಿದ ಕೂಡಲೇ ‘ಇಲ್ಲ, ಎಲ್ಲವೂ ಬರುವುದಿಲ್ಲ’ ಎಂದು ನಿಲ್ಲಿಸಬಹುದು. ಆದರೆ ಎಲ್ಲವೂ ಬರುವ ಗ್ರಾಮರ್ ಆಗಿದ್ದರೆ? ಹುಡುಕಾಟ ಮುಗಿಯುವುದೇ ಇಲ್ಲ. ‘ಇಲ್ಲ’ ಎಂಬ ಉತ್ತರ ಒಂದಲ್ಲ ಒಂದು ದಿನ ಸಿಗುತ್ತದೆ, ‘ಹೌದು’ ಎಂಬುದು ಈ ದಾರಿಯಲ್ಲಿ ಎಂದೂ ಸಿಗದು.

ಬೇರೆ ಜಾಣತನದ ದಾರಿ ಇರಬಹುದಲ್ವಾ? ಇಲ್ಲ. 1961ರಲ್ಲಿ ಬಾರ್-ಹಿಲೆಲ್, ಪೆರ್ಲೆಸ್ ಮತ್ತು ಶಮೀರ್ ಪ್ರಕಟಿಸಿದ ಪ್ರಬಂಧ ಗ್ರಾಮರ್‌ಗಳ ಬಗ್ಗೆ ಇಂಥ ಹಲವು ಪ್ರಶ್ನೆಗಳಿಗೆ ಅಲ್ಗಾರಿದಮ್ ಇಲ್ಲ ಎಂದು ತೋರಿಸಿತು. ಅವರು ಆಸರೆ ಪಡೆದದ್ದು ಎಮಿಲ್ ಪೋಸ್ಟ್ 1946ರಲ್ಲಿ ಕೊಟ್ಟ ಒಂದು ಒಗಟಿನಿಂದ. ಆ ಒಗಟನ್ನೇ ಗ್ರಾಮರ್ ಆಗಿ ಬದಲಾಯಿಸೋಣ.

ಹಂತ 1: ಪೋಸ್ಟ್‌ನ ಬಿಲ್ಲೆಗಳು

ಕೆಲವು ಬಗೆಯ ಬಿಲ್ಲೆಗಳಿವೆ. ಪ್ರತಿ ಬಿಲ್ಲೆಯಲ್ಲಿ ಮೇಲೊಂದು, ಕೆಳಗೊಂದು ಸ್ಟ್ರಿಂಗ್ ಇದೆ. ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದಾಗ ಮೇಲಿನ ಸಾಲೂ ಕೆಳಗಿನ ಸಾಲೂ ಒಂದೇ ಆಗಬೇಕು. ಒಂದೇ ಬಿಲ್ಲೆಯನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ಒಂದನ್ನಾದರೂ ಬಳಸಲೇಬೇಕು.

```
ಬಿಲ್ಲೆ 1:  ಮೇಲೆ a    ಕೆಳಗೆ abb
ಬಿಲ್ಲೆ 2:  ಮೇಲೆ bb   ಕೆಳಗೆ b
```

1, 2, 2 ಎಂದು ಜೋಡಿಸಿ. ಮೇಲೆ `a`, `bb`, `bb`. ಕೆಳಗೆ `abb`, `b`, `b`. ಎರಡೂ ಕಡೆ `abbbb`. ಕೂಡಿತು.

ಯಾವುದೇ ಬಿಲ್ಲೆಗಳ ಗುಂಪು ಕೊಟ್ಟರೂ ‘ಕೂಡುತ್ತದೆ’ ಅಥವಾ ‘ಕೂಡುವುದಿಲ್ಲ’ ಎಂದು ಹೇಳುವ ಅಲ್ಗಾರಿದಮ್ ಇಲ್ಲ. ಇದೇ ಪೋಸ್ಟ್ ತೋರಿಸಿದ್ದು. ಒಂದು ಟ್ಯೂರಿಂಗ್ ಯಂತ್ರದ ಓಟವನ್ನು ಬಿಲ್ಲೆಗಳಲ್ಲಿ ಬರೆದಿಡಬಹುದು. ಆಗ ಬಿಲ್ಲೆ ಕೂಡುವುದಕ್ಕೂ ಯಂತ್ರ ನಿಲ್ಲುವುದಕ್ಕೂ ವ್ಯತ್ಯಾಸವೇ ಇರುವುದಿಲ್ಲ. ಯಂತ್ರ ನಿಲ್ಲುತ್ತದೆಯೇ ಎಂದು ಮೊದಲೇ ಹೇಳಲಾಗದು ಎಂಬುದು 1936ರಿಂದ ಗೊತ್ತಿರುವ ಮಾತು.

(ನಮ್ಮ ಹಾಗೆ ಎರಡೇ ಬಿಲ್ಲೆ ಇದ್ದರೆ ಉತ್ತರ ಹೇಳುವ ಅಲ್ಗಾರಿದಮ್ ಇದೆ. ಐದು ಬಿಲ್ಲೆಗೆ ಇಲ್ಲ, ಅದನ್ನು 2015ರಲ್ಲಿ ಟರ್ಲೋ ನಿಯರಿ ತೋರಿಸಿದರು. ನಾನು ಎರಡು ಇಟ್ಟುಕೊಂಡದ್ದು ಪುಟ ತುಂಬಬಾರದು ಎಂದಷ್ಟೇ. ಕೆಳಗಿನ ಕ್ರಮ ಎಷ್ಟು ಬಿಲ್ಲೆಗಾದರೂ ಹಾಗೇ ನಡೆಯುತ್ತದೆ.)

ಹಂತ 2: ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಗ್ರಾಮರ್

```
T -> a T 1   | bb T 2 | a 1   | bb 2
K -> abb K 1 | b K 2  | abb 1 | b 2
```

`T` ಎಡಗಡೆ ಮೇಲಿನ ಸಾಲನ್ನು ಬರೆಯುತ್ತಾ, ಬಲಗಡೆ ಯಾವ ಬಿಲ್ಲೆ ಬಳಸಿದೆ ಎಂಬ ಲೆಕ್ಕ ಇಡುತ್ತದೆ. ಲೆಕ್ಕ ಹಿಂದುಮುಂದಾಗಿ ಬರುತ್ತದೆ, ತೊಂದರೆಯಿಲ್ಲ. 1, 2, 2ಕ್ಕೆ ಸಿಗುವುದು `abbbb221`. `K` ಕೆಳಗಿನ ಸಾಲಿಗೆ ಅದೇ ಕೆಲಸ ಮಾಡುತ್ತದೆ, ಅದರಿಂದಲೂ `abbbb221` ಬರುತ್ತದೆ. ಒಂದೇ ಸ್ಟ್ರಿಂಗ್ ಎರಡರಿಂದಲೂ ಬಂದರೆ ಬಿಲ್ಲೆಗಳು ಕೂಡಿದವು ಎಂದೇ ಅರ್ಥ.

ಹಂತ 3: ತಪ್ಪುಗಳನ್ನು ಬರೆಯುವ ಗ್ರಾಮರ್

ಇಡೀ ಕೆಲಸದ ಜೀವ ಇರುವುದು ಇಲ್ಲಿ. `T`ಯಿಂದ ಬಾರದ ಸ್ಟ್ರಿಂಗ್‌ಗಳಿಗೂ ಒಂದು ಗ್ರಾಮರ್ ಬರೆಯಬೇಕು. ಸಾಮಾನ್ಯವಾಗಿ ಒಂದು ಗ್ರಾಮರ್ ಬಿಟ್ಟ ಸ್ಟ್ರಿಂಗ್‌ಗಳನ್ನೆಲ್ಲ ಇನ್ನೊಂದು ಗ್ರಾಮರ್‌ನಲ್ಲಿ ಹಿಡಿಯಲು ಆಗುತ್ತದೆ ಎಂಬ ಗ್ಯಾರಂಟಿ ಇಲ್ಲ. `T` ಮಾತ್ರ ಸರಳ. ಒಂದು ಸ್ಟ್ರಿಂಗ್ ಕೊಟ್ಟರೆ ಕೊನೆಯ ಅಂಕೆ ನೋಡಿ, ಎಡಗಡೆ ಆ ಬಿಲ್ಲೆಯ ಅಕ್ಷರಗಳಿವೆಯೇ ಎಂದು ಪರೀಕ್ಷಿಸಿ, ಎರಡೂ ತುದಿ ಸುಲಿಯುತ್ತಾ ಹೋಗಬಹುದು. ಎಲ್ಲೂ ಊಹೆ ಬೇಕಿಲ್ಲ. ಸುಲಿಯುವಾಗ ಎಲ್ಲಿ ಎಡವುತ್ತದೆಯೋ ಅದನ್ನೇ `X` ಎಂದು ಬರೆದರಾಯಿತು:

```
P -> a P 1 | bb P 2 | X
X -> L | N | b M G 1 | a M G 2 | b G 2 | ba M G 2
```

`L` ಎಂದರೆ ಒಂದಾದರೂ ಅಕ್ಷರ ಇರುವ, ಬರೀ ಅಕ್ಷರಗಳ ಸಾಲು. `N` ಬರೀ ಅಂಕೆಗಳ ಅಂಥದೇ ಸಾಲು. `M`, `G` ಎಂದರೆ ಕ್ರಮವಾಗಿ ಅವೇ ಸಾಲುಗಳು, ಆದರೆ ಅವು ಖಾಲಿಯೂ ಇರಬಹುದು. `X`ನ ಮೊದಲ ಎರಡು ಆಯ್ಕೆಗಳು ಒಂದು ಕಡೆ ಮುಗಿದು ಇನ್ನೊಂದು ಕಡೆ ಉಳಿದದ್ದು. ಮಿಕ್ಕವು ಅಂಕೆಗೂ ಅಕ್ಷರಕ್ಕೂ ತಾಳೆಯಾಗದೆ ಹೋದದ್ದು. ಉದಾಹರಣೆಗೆ ಕೊನೆಗೆ 2 ಇದೆ, ಆದರೆ ಶುರು `bb`ಯಿಂದ ಆಗಿಲ್ಲ.

`K`ಯ ತಪ್ಪುಗಳಿಗೆ ಇದೇ ರೀತಿ `Q` ಬರೆದುಕೊಳ್ಳಿ. ಅಂಕೆಯ ಬೆನ್ನಿಗೇ ಅಕ್ಷರ ಬರುವ ಅಡ್ಡಾದಿಡ್ಡಿ ಸ್ಟ್ರಿಂಗ್‌ಗಳಿಗೆ `J` ಇರಲಿ. ಖಾಲಿ ಸ್ಟ್ರಿಂಗ್ `ε` ಕೂಡ ಬೇಕು, ಬಿಲ್ಲೆಯೇ ಇಲ್ಲದ ಸಾಲು ಉತ್ತರವಲ್ಲವಲ್ಲ.

ಹಂತ 4: ಎರಡನ್ನೂ ಸೇರಿಸುವುದು

```
S -> P | Q | J | ε
```

ಈ ಗ್ರಾಮರ್‌ನಿಂದ ಬಾರದ ಸ್ಟ್ರಿಂಗ್ ಯಾವುದು? ಮೇಲಿನ ಲೆಕ್ಕದಲ್ಲೂ ತಪ್ಪಿಲ್ಲದ, ಕೆಳಗಿನ ಲೆಕ್ಕದಲ್ಲೂ ತಪ್ಪಿಲ್ಲದ ಸ್ಟ್ರಿಂಗ್ ಮಾತ್ರ. ಅಂದರೆ ಬಿಲ್ಲೆ ಕೂಡಿದ ಸ್ಟ್ರಿಂಗ್. ಎಲ್ಲ ಸ್ಟ್ರಿಂಗ್‌ಗಳೂ ಬಂದವೆಂದರೆ ಬಿಲ್ಲೆಗಳು ಕೂಡುವುದೇ ಇಲ್ಲ ಎಂದಾಯಿತು.

ನಮ್ಮ ಬಿಲ್ಲೆಗಳಿಗೆ ಇದನ್ನು ಪರೀಕ್ಷಿಸಿ. `abbbb221` ಅನ್ನು `P`ಯ ದಾರಿಯಲ್ಲಿ ಸುಲಿದರೆ `bbbb22`, ಆಮೇಲೆ `bb2`, ಆಮೇಲೆ ಏನೂ ಉಳಿಯುವುದಿಲ್ಲ. ಎಲ್ಲೂ `X` ಸಿಗಲಿಲ್ಲ. `Q`ನ ದಾರಿಯಲ್ಲಿ `bb22`, `b2`, ಖಾಲಿ. ಹಾಗಾಗಿ ಈ ಸ್ಟ್ರಿಂಗ್ ಬರುವುದಿಲ್ಲ. ಇದಕ್ಕಿಂತ ಚಿಕ್ಕದಾದದ್ದು ಒಂದೂ ತಪ್ಪಿಸಿಕೊಳ್ಳುವುದಿಲ್ಲ. `a`, `b`, `1`, `2` ಎಂಬ ನಾಲ್ಕು ಗುರುತುಗಳಿಂದ ಏಳರ ಉದ್ದದವರೆಗೆ 21,845 ಸ್ಟ್ರಿಂಗ್‌ಗಳಿವೆ, ಅಷ್ಟೂ ಬರುತ್ತವೆ. ಎಂಟರ ಉದ್ದದ 65,536ರಲ್ಲಿ ಇದೊಂದೇ ಬಾರದ್ದು. ಏಳರವರೆಗೆ ಟೆಸ್ಟ್ ಮಾಡಿ ‘ಎಲ್ಲವೂ ಸರಿ’ ಎಂದವರು ಇಲ್ಲಿ ಮೋಸಹೋಗುತ್ತಾರೆ. ಬಿಲ್ಲೆ ಬೇರೆಯಾದರೆ ಆ ಮೊದಲ ಸ್ಟ್ರಿಂಗ್ ಎಷ್ಟು ದೂರ ಬೇಕಾದರೂ ಇರಬಹುದು. ಇಷ್ಟು ಉದ್ದ ನೋಡಿದರೆ ಸಾಕು ಎಂದು ಹೇಳುವ ಸೂತ್ರವೂ ಸಾಧ್ಯವಿಲ್ಲ. ಅದಿದ್ದರೆ ಪೋಸ್ಟ್‌ನ ಒಗಟು ಬಗೆಹರಿದಂತೆಯೇ.

ಈಗ ಎರಡನೆಯ ಬಿಲ್ಲೆಯನ್ನು ಮೇಲೆ `b`, ಕೆಳಗೆ `bb` ಎಂದು ತಿರುಗಿಸಿ. ಕೆಳಗಿನ ಸಾಲು ಯಾವಾಗಲೂ ಉದ್ದವೇ, ಎಂದೂ ಕೂಡುವುದಿಲ್ಲ. ಆ ಬಿಲ್ಲೆಗಳಿಂದ ಮಾಡಿದ ಗ್ರಾಮರ್ ಎಲ್ಲ ಸ್ಟ್ರಿಂಗ್‌ಗಳನ್ನೂ ಕೊಡುತ್ತದೆ. ನಮಗೆ ಇದು ಗೊತ್ತಾದದ್ದು ಬಿಲ್ಲೆ ನೋಡಿ, ಗ್ರಾಮರ್ ನೋಡಿ ಅಲ್ಲ.

ಬಿಲ್ಲೆಯಿಂದ ಗ್ರಾಮರ್ ಮಾಡುವ ಈ ಕೆಲಸ ಪೂರ್ತಿ ಯಾಂತ್ರಿಕ. ಆದ್ದರಿಂದ ‘ಎಲ್ಲವೂ ಬರುತ್ತವೆಯೇ’ ಎಂದು ಹೇಳುವ ಪ್ರೋಗ್ರಾಂ ಯಾರ ಬಳಿಯಾದರೂ ಇದ್ದರೆ, ಅದರಿಂದ ಪೋಸ್ಟ್‌ನ ಒಗಟನ್ನೂ ಬಿಡಿಸಬಹುದು. ಅದು ಆಗದ ಮಾತು. ಹಾಗಾಗಿ ಅಂಥ ಪ್ರೋಗ್ರಾಂ ಇಲ್ಲ.

ಎರಡು ಗ್ರಾಮರ್ ಒಂದೇ ಎಂದು ತಿಳಿಯಬಹುದೇ?

ಇದಕ್ಕೆ ಹೊಸ ಕಸರತ್ತು ಬೇಡ. ಎಲ್ಲ ಸ್ಟ್ರಿಂಗ್‌ಗಳನ್ನೂ ಕೊಡುವುದು ಖಚಿತವಾಗಿರುವ ಗ್ರಾಮರ್ ಒಂದನ್ನು ಪಕ್ಕಕ್ಕಿಡಿ:

```
E -> a E | b E | 1 E | 2 E | ε
```

ಎರಡು ಗ್ರಾಮರ್‌ಗಳನ್ನು ಹೋಲಿಸುವ ಪ್ರೋಗ್ರಾಂ ಇದ್ದರೆ, ನಮ್ಮ `S` ಅನ್ನು ಈ `E` ಜೊತೆ ಹೋಲಿಸು ಎಂದು ಕೇಳಿದರೆ ಮುಗಿಯಿತು, ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ. ಆದ್ದರಿಂದ ಆ ಪ್ರೋಗ್ರಾಂ ಕೂಡ ಇಲ್ಲ. ಒಂದು ಭಾಷೆಗೆ ಬರೆದ ಹಳೆಯ ಗ್ರಾಮರನ್ನು ತಿದ್ದಿ ಹೊಸದು ಮಾಡಿದವರು, ‘ಎರಡೂ ಒಂದೇ’ ಎಂದು ಒಂದು ಗುಂಡಿ ಒತ್ತಿ ಖಾತರಿ ಮಾಡಿಕೊಳ್ಳಲು ಆಗದಿರುವುದು ಇದಕ್ಕೇ. ವ್ಯತ್ಯಾಸ ಹುಡುಕುವ ಟೂಲ್ ಬರೆಯಬಹುದು. ವ್ಯತ್ಯಾಸ ಸಿಕ್ಕರೆ ಅದು ನಿಜ, ಸಿಗದಿದ್ದರೆ ಏನೂ ಹೇಳಿದಂತಲ್ಲ.

ತೊಂದರೆ ಎಲ್ಲಿ ಹೊಕ್ಕಿತು ಎಂದು ಹಿಂದಿರುಗಿ ನೋಡಿ. `P` ಒಂದನ್ನೇ ಅಥವಾ `Q` ಒಂದನ್ನೇ ಬಿಡಿಯಾಗಿ ಕೊಟ್ಟಿದ್ದರೆ ಉತ್ತರ ಹೇಳಬಹುದಿತ್ತು. ಊಹೆ ಬೇಡದೆ ಓದಿಸಿಕೊಳ್ಳುವ ಇಂಥ ಭಾಷೆಗಳಿಗೆ ಡಿಟರ್ಮಿನಿಸ್ಟಿಕ್ ಎನ್ನುತ್ತಾರೆ. ಅವುಗಳಲ್ಲಿ ಬಿಟ್ಟುಹೋದ ಸ್ಟ್ರಿಂಗ್‌ಗಳಿಗೆ ಗ್ರಾಮರ್ ಮಾಡಿ, ಅದು ಖಾಲಿಯೇ ಎಂದು ಟಿಕ್ ಹಾಕಿ ನೋಡಿದರೆ ಸಾಕು. ಅವೆರಡರ ನಡುವೆ `|` ಬಿದ್ದ ಕೂಡಲೇ ಆ ಅನುಕೂಲ ತಪ್ಪಿಹೋಯಿತು.

ಇಂಥ ಡಿಟರ್ಮಿನಿಸ್ಟಿಕ್ ಭಾಷೆಗಳಲ್ಲಿ ಎರಡು ಒಂದೇ ಹೌದೋ ಅಲ್ಲವೋ ಎಂಬುದು ಮಾತ್ರ ಬಹಳ ಕಾಲ ಯಾರಿಗೂ ಬಗೆಹರಿಯಲಿಲ್ಲ. ಫ್ರಾನ್ಸಿನ ಜೆರೋ ಸೆನಿಜೆರ್ಗ್ 1997ರಲ್ಲಿ ‘ಹೇಳಬಹುದು’ ಎಂದು ಸಾಧಿಸಿದರು, 2002ರ ಗೋಡೆಲ್ ಪ್ರಶಸ್ತಿ ಅದಕ್ಕೇ ಬಂತು.