ಏಪ್ರಿಲ್‌ನಲ್ಲಿ ಪಿಆರ್ 0.74ಕ್ಕೆ ಇಳಿದಾಗ ಲಾಸ್ ಎಲ್ಲೆಲ್ಲಿ ಹೋಗ್ತಿದೆ ಅಂತ ಹುಡುಕಿದ್ದು

ನಮ್ಮನೆ ಚಳ್ಳಕೆರೆ ಊರಂಚಿಗೆ, ಪಕ್ಕದಲ್ಲೇ ಮಣ್ಣಿನ ರಸ್ತೆ, ಬೇಸಿಗೆ ಬಂತಂದ್ರೆ ಟ್ರ್ಯಾಕ್ಟರ್ ಒಂದು ಹೋದ್ರೂ ಧೂಳು ತಾರಸಿ ಮೇಲೇ ಬಂದು ಕೂರತ್ತೆ. ತಾರಸಿ ಮೇಲೆ 540 ವ್ಯಾಟಿನ 20 ಪ್ಯಾನೆಲ್ ಇದಾವೆ, ಒಟ್ಟು 10.8 ಕಿಲೋವ್ಯಾಟ್, ಹತ್ತತ್ತು ಪ್ಯಾನೆಲ್‌ನ ಎರಡು ಸ್ಟ್ರಿಂಗ್, ಎರಡಕ್ಕೂ ಇನ್ವರ್ಟರ್‌ನಲ್ಲಿ ಬೇರೆ ಬೇರೆ ಎಂಪಿಪಿಟಿ, ಅಂದ್ರೆ ಆ ಹೊತ್ತಿನ ಬಿಸಿಲಿಗೆ ಸಿಗೋ ಅಷ್ಟೂ ಪವರ್ ಎಳೆಯೋ ಭಾಗ. ಇನ್ವರ್ಟರ್ 10 ಕಿಲೋವ್ಯಾಟಿನ ತ್ರೀಫೇಸ್. ಸೋಲಾರ್ ಕೆಲಸವೇ ನನ್ನ ಕಸುಬು, ಹಾಗಾಗಿ ಬೇರೆಯವರ ಮನೇಲಿ ಮಾಡೋ ಲೆಕ್ಕನ ಮೊದಲು ನಮ್ಮನೇಲೇ ಪೂರ್ತಿ ಮಾಡಿ ನೋಡೋಣ ಅಂತ ಶುರು ಮಾಡಿದೆ.

ಪಿಆರ್ ಅಂದ್ರೆ ಪರ್ಫಾರ್ಮೆನ್ಸ್ ರೇಶಿಯೋ. ಪ್ಯಾನೆಲ್ ಮೇಲೆ ಬಿದ್ದ ಬಿಸಿಲಿಗೆ, ಪ್ಯಾನೆಲ್ ಹಿಂದೆ ಬರೆದಿರೋ ವ್ಯಾಟ್ ಪ್ರಕಾರ ಎಷ್ಟು ಯೂನಿಟ್ ಬರಬೇಕಿತ್ತೋ ಅದರಲ್ಲಿ ಮೀಟರಿಗೆ ಎಷ್ಟು ಬಂತು, ಅಷ್ಟೇ.

```
PR = E_ac / (P_stc × H_poa)
   = 49.5 / (10.8 × 6.2) = 0.74
```

ಇದು ಏಪ್ರಿಲ್‌ನ ಒಂದು ವಾರದ ಸರಾಸರಿ. 49.5 ಅನ್ನೋದು ದಿನಕ್ಕೆ ಜನರೇಶನ್ ಮೀಟರ್ ತೋರಿಸಿದ ಯೂನಿಟ್, 6.2 ಅನ್ನೋದು ಒಂದು ಚದರ ಮೀಟರಿಗೆ ಬಿದ್ದ ಬಿಸಿಲು, ಅದೂ ಯೂನಿಟ್ ಲೆಕ್ಕದಲ್ಲೇ. ಈ ಬಿಸಿಲಿನ ಅಂಕಿ ಸರಿ ಇಲ್ಲ ಅಂದ್ರೆ ಮುಂದಿನ ಲೆಕ್ಕ ಎಲ್ಲಾ ದಂಡ. ನಾನು ಚಿಕ್ಕದೊಂದು ರೆಫರೆನ್ಸ್ ಸೆಲ್ ಸೆನ್ಸರ್‌ನ ಪ್ಯಾನೆಲ್ ಇರೋ ಅದೇ 15 ಡಿಗ್ರಿ ಓರೆಯಲ್ಲೇ ಕೂರಿಸಿದೀನಿ. ಸಮತಟ್ಟಾಗಿ ಇಟ್ಟು ಅಳೆದ ಬಿಸಿಲನ್ನ ಹಾಕಿದ್ರೆ ಡಿಸೆಂಬರ್‌ನಲ್ಲಿ ಪಿಆರ್ ಇಲ್ಲದ ಎತ್ತರಕ್ಕೆ ಹೋಗತ್ತೆ, ಯಾಕಂದ್ರೆ ಆಗ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಓರೆ ಪ್ಯಾನೆಲ್‌ಗೆ ಸಮತಟ್ಟಿಗಿಂತ ಜಾಸ್ತಿ ಬಿಸಿಲು ಸಿಗತ್ತೆ. ಇನ್ನೊಂದು, ಸೆನ್ಸರ್ ಗಾಜನ್ನ ದಿನಾ ಬೆಳಗ್ಗೆ ಒರೆಸಲೇಬೇಕು. ಅದರ ಮೇಲೂ ಧೂಳು ಕೂತ್ರೆ ಬಿಸಿಲೇ ಕಮ್ಮಿ ಬಿದ್ದಿದೆ ಅಂತ ತೋರಿಸತ್ತೆ, ಪ್ಯಾನೆಲ್ ಎಷ್ಟೇ ಗಲೀಜಾಗಿರ್ಲಿ ಪಿಆರ್ ಮಾತ್ರ ಚೆನ್ನಾಗೇ ಕಾಣತ್ತೆ.

ಈಗ ಉಳಿದ 26 ಪರ್ಸೆಂಟ್ ಎಲ್ಲಿ ಹೋಯ್ತು. ಮೊದಲು ಸೆಕೆ, ಏಪ್ರಿಲ್‌ನಲ್ಲಿ ದೊಡ್ಡ ಪಾಲು ಇದರದ್ದೇ. ಪ್ಯಾನೆಲ್ ಹಿಂಭಾಗಕ್ಕೆ ಥರ್ಮೋಕಪಲ್ ಅಂಟಿಸಿ ಅದರ ಮೇಲೆ ಸ್ವಲ್ಪ ಥರ್ಮೋಕೋಲ್ ಮುಚ್ಚಿ ಟೇಪ್ ಸುತ್ತಿದ್ದೆ, ಇಲ್ಲಾಂದ್ರೆ ಗಾಳಿ ತಾಗಿ ಕಮ್ಮಿ ತೋರಿಸತ್ತೆ. ಮಧ್ಯಾಹ್ನ ಹೊರಗೆ 38 ಡಿಗ್ರಿ ಇದ್ದಾಗ ಹಿಂಭಾಗ 63, ಒಳಗಿನ ಸೆಲ್ ಅದಕ್ಕಿಂತ ಎರಡು ಮೂರು ಡಿಗ್ರಿ ಮೇಲೇ ಇರತ್ತೆ ಅಂತ 65 ಹಿಡಿದೆ. ಪ್ಯಾನೆಲ್ ಮೇಲೆ ಬರೆದಿರೋ ವ್ಯಾಟ್ ಸೆಲ್ 25 ಡಿಗ್ರಿ ಇದ್ದಾಗಿನದ್ದು, ಅದಕ್ಕಿಂತ ಒಂದೊಂದು ಡಿಗ್ರಿ ಏರಿದಾಗ್ಲೂ ನಮ್ಮ ಪ್ಯಾನೆಲ್‌ಗೆ 0.35 ಪರ್ಸೆಂಟ್ ಹೋಗತ್ತೆ, ಹಾಗಾಗಿ 40 ಡಿಗ್ರಿಗೆ 14 ಪರ್ಸೆಂಟ್. ಆದ್ರೆ ಇಡೀ ದಿನಕ್ಕೆ ಮಧ್ಯಾಹ್ನದ ಅಂಕಿ ಹಾಕೋ ಹಾಗಿಲ್ಲ, ಗಂಟೆ ಗಂಟೆಗೆ ಎಷ್ಟು ಯೂನಿಟ್ ಬಂತೋ ಅದರ ತೂಕದಲ್ಲಿ ಸರಾಸರಿ ತೆಗೆದ್ರೆ ಸೆಲ್ 57 ಡಿಗ್ರಿ ಹತ್ರ ಬಂತು, ಅಂದ್ರೆ 11 ಪರ್ಸೆಂಟ್. ಇದನ್ನ ಯಾರೂ ರಿಪೇರಿ ಮಾಡಕ್ಕಾಗಲ್ಲ. ಶೀಟಿಗೆ ಅಂಟಿಕೊಂಡ ಹಾಗೆ ಕೂರಿಸಿದ್ರೆ ಇನ್ನೂ ಜಾಸ್ತಿ ಹೋಗತ್ತೆ, ಎತ್ತರದ ಸ್ಟ್ರಕ್ಚರ್ ಇದ್ರೆ ಕೆಳಗೆ ಗಾಳಿ ಆಡಿ ಸ್ವಲ್ಪ ಉಳಿಯತ್ತೆ.

ಧೂಳನ್ನ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಅದಕ್ಕೆ ಎರಡು ಸ್ಟ್ರಿಂಗ್ ಇರೋದು ನಂಗೆ ಅನುಕೂಲ ಆಯ್ತು. ಎರಡೂ ಶುಭ್ರ ಇದ್ದಾಗ ಬಿ ಸ್ಟ್ರಿಂಗ್ ಯಾವಾಗ್ಲೂ ಎ ಸ್ಟ್ರಿಂಗ್‌ನ 0.995ರಷ್ಟು ಕೊಡ್ತಿತ್ತು, ಇದನ್ನ ಮೊದಲೇ ಬರೆದಿಟ್ಟುಕೊಂಡಿದ್ದೆ. ಆ ವಾರ ಮುಗಿದ ಸಂಜೆ, ಪ್ಯಾನೆಲ್ ತಣ್ಣಗಾದ ಮೇಲೆ ಎ ಒಂದನ್ನೇ ತೊಳೆದೆ, ಬಿ ಮುಟ್ಟಲಿಲ್ಲ. ಮಾರನೇ ದಿನ ಮೋಡ ಇಲ್ಲದ ಬಿಸಿಲು, ಎ 28.1 ಯೂನಿಟ್ ಕೊಡ್ತು, ಬಿ 26.3. ಭಾಗಿಸಿದ್ರೆ 0.936, ಮೊದಲಿಂದ ಇದ್ದ ವ್ಯತ್ಯಾಸ ಕಳೆಯೋಕೆ 0.995ರಿಂದ ಭಾಗಿಸಿದ್ರೆ 0.94. ಧೂಳಿಗೆ ಹೋಗ್ತಿದ್ದದ್ದು 6 ಪರ್ಸೆಂಟ್. ತೊಳೆಯೋ ನೀರಿನ ಬಗ್ಗೆ ಒಂದು ಮಾತು, ನಮ್ಮ ಕಡೆ ಬೋರ್ ನೀರು ಗಡಸು, ಹಂಗೇ ಸುರಿದು ಒಣಗೋಕೆ ಬಿಟ್ರೆ ಗಾಜಿನ ಮೇಲೆ ಬಿಳಿ ಕಲೆ ಕಟ್ಟತ್ತೆ, ಆಮೇಲೆ ಅದು ಧೂಳಿಗಿಂತ ಕಷ್ಟ. ವೈಪರ್‌ನಲ್ಲಿ ನೀರೆಲ್ಲ ಎಳೆದು ತೆಗೀಬೇಕು. ಕಾದ ಗಾಜಿಗೆ ಮಟಮಟ ಮಧ್ಯಾಹ್ನ ತಣ್ಣೀರು ಹೊಡೀಲೇಬಾರದು, ಬಿರುಕು ಬಿಡಬಹುದು.

ವೈರಿಂಗ್‌ಗೆ ಲೆಕ್ಕವೇ ಸಾಕು. 4 ಸ್ಕ್ವೇರ್ ಎಂಎಂ ಡಿಸಿ ಕೇಬಲ್ ಕಿಲೋಮೀಟರಿಗೆ ಸುಮಾರು 5.1 ಓಮ್, ಹೋಗಿ ಬರೋದು ಸೇರಿ 60 ಮೀಟರಿಗೆ 0.31 ಓಮ್. 13 ಆಂಪಿಯರ್ ಹರಿದಾಗ ಸ್ಟ್ರಿಂಗಿಗೆ 52 ವ್ಯಾಟ್, 5400ರಲ್ಲಿ ಒಂದು ಪರ್ಸೆಂಟ್. ಕರೆಂಟ್ ಅರ್ಧ ಇದ್ದಾಗ ಪರ್ಸೆಂಟೂ ಅರ್ಧ ಆಗತ್ತೆ, ಆದ್ರೆ ಕಾದ ಕೇಬಲ್‌ಗೆ ರೆಸಿಸ್ಟೆನ್ಸ್ ಸ್ವಲ್ಪ ಏರತ್ತೆ, ಎರಡೂ ಸೇರಿ ದಿನದ ಮೇಲೆ 0.8 ಹಿಡಿದೆ. ಎಸಿ ಕಡೆ ಅರ್ಧ ಪರ್ಸೆಂಟ್. ದಪ್ಪ ಕೇಬಲ್ ಹಾಕ್ಸಿ ಅಂತ ಕೆಲವರು ಹೇಳಿದ್ರು, ಡಿಸಿಗೆ 6 ಸ್ಕ್ವೇರ್ ಎಂಎಂ ಎಳೆದ್ರೂ ಉಳಿಯೋದು ಕಾಲು ಪರ್ಸೆಂಟ್ ಚಿಲ್ಲರೆ, ಧೂಳಿನ 6ರ ಮುಂದೆ ಅದು ಏನೂ ಅಲ್ಲ.

ಇನ್ವರ್ಟರ್ ಡೇಟಾಶೀಟ್‌ನಲ್ಲಿ ದೊಡ್ಡಕ್ಷರದಲ್ಲಿ ಇರೋದು ಮ್ಯಾಕ್ಸಿಮಮ್ ಎಫಿಶಿಯೆನ್ಸಿ, ಅದು ಒಂದು ಲೋಡಿನಲ್ಲಿ ಮಾತ್ರ ಸಿಗೋದು. ಕೆಳಗೆ ಯುರೋ ಎಫಿಶಿಯೆನ್ಸಿ ಅಂತ ಇರತ್ತೆ, ಬೇರೆ ಬೇರೆ ಲೋಡಿನ ತೂಕದ ಸರಾಸರಿ, ನಾನು ಹಾಕಿದ್ದು ಅದನ್ನ, 97.5. ಇನ್ವರ್ಟರ್ ಪರದೆ ಮೇಲಿನ ಡಿಸಿ, ಎಸಿ ಅಂಕಿ ಭಾಗಿಸಿ ತೆಗೆಯೋದು ಬೇಡ, ಅದರ ಅಳತೆಯಲ್ಲೇ ಒಂದೆರಡು ಪರ್ಸೆಂಟ್ ಆಚೆ ಈಚೆ ಇರತ್ತೆ, ನಾವು ಹುಡುಕ್ತಿರೋ ಲಾಸೇ ಅಷ್ಟು. ಇನ್ನು ಗಾಜಿನ ಪ್ರತಿಫಲನ, ಪ್ಯಾನೆಲ್ ಪ್ಯಾನೆಲ್ ಮಧ್ಯದ ಮಿಸ್‌ಮ್ಯಾಚ್, ಬೆಳಗ್ಗೆ ಸಂಜೆಯ ಮಂದ ಬೆಳಕು ಎಲ್ಲಾ ಸೇರಿ 3, ಮೊದಲ ವರ್ಷದ ಇಳಿತ 2, ಇವೆರಡು ಅಂದಾಜು.

ಇವನ್ನ ಕೂಡಿಸಬಾರದು, ಗುಣಿಸಬೇಕು, ಯಾಕಂದ್ರೆ ಸೆಕೆ ತಿಂದು ಉಳಿದದ್ದರಲ್ಲಿ ಧೂಳಿನ ಪಾಲು, ಅದರಲ್ಲಿ ಉಳಿದದ್ದರಲ್ಲಿ ವೈರಿನದ್ದು.

```
0.89 × 0.94 × 0.992 × 0.995 × 0.975 × 0.97 × 0.98 = 0.765
```

ಮೀಟರ್ ಹೇಳಿದ್ದು 0.74. ಅಂದ್ರೆ ಇನ್ನೂ ಮೂರು ಪರ್ಸೆಂಟ್ ಮೇಲೆ, ದಿನಕ್ಕೆ ಒಂದೂಮುಕ್ಕಾಲು ಯೂನಿಟ್ ಹತ್ರ, ಯಾವ ಲೆಕ್ಕಕ್ಕೂ ಸಿಗ್ತಿಲ್ಲ. ನನ್ನ ಪ್ರಕಾರ ಇಷ್ಟೆಲ್ಲಾ ಅಳೆಯೋದೇ ಈ ಉಳಿದ ಚೂರು ಸಿಗ್ಲಿ ಅಂತ. ಇಡೀ ದಿನದ ಯೂನಿಟ್ ನೋಡಿದ್ರೆ ಏನೂ ಗೊತ್ತಾಗಲ್ಲ, ಐದೈದು ನಿಮಿಷದ ಲಾಗ್ ತೆಗೆದು ನೋಡಿದ್ರೆ ಹನ್ನೆರಡರಿಂದ ಎರಡರ ಮಧ್ಯೆ ಪವರ್ ಎರಡು ಮೂರು ಸಲ ಸೊನ್ನೆಗೆ ಬಿದ್ದಿತ್ತು, ಪ್ರತಿ ಸಲ ಬೀಳೋಕೆ ಮುಂಚೆ ಒಂದು ಫೇಸಿನ ವೋಲ್ಟೇಜ್ 253 ಮುಟ್ಟಿತ್ತು. 230ಕ್ಕೆ 10 ಪರ್ಸೆಂಟ್ ಮೇಲೆ ಹೋದ್ರೆ ನಮ್ಮ ಇನ್ವರ್ಟರ್ ಲೈನ್ ಬಿಟ್ಟುಬಿಡತ್ತೆ, ಮತ್ತೆ ಸೇರಿಕೊಳ್ಳೋಕೆ ಕೆಲವು ನಿಮಿಷ ತಗೊಳತ್ತೆ. ಏಳೂವರೆ ಕಿಲೋವ್ಯಾಟ್ ಹೋಗೋ ಹೊತ್ತಲ್ಲಿ ಕಾಲು ಗಂಟೆ ನಿಂತ್ರೆ ಹತ್ತಿರತ್ತಿರ 1.9 ಯೂನಿಟ್, ಲೆಕ್ಕ ಕೂತ್ಕೊಳ್ತು.

ನಮ್ಮ ಕಡೆಯ ಎಸಿ ಕೇಬಲ್‌ನಲ್ಲಿ ಏರೋ ವೋಲ್ಟೇಜ್ ಒಂದು ವೋಲ್ಟ್ ಚಿಲ್ಲರೆ ಅಷ್ಟೇ, ಹಾಗಾಗಿ ಏರಿಕೆ ಹೊರಗಿಂದ ಬರ್ತಿದೆ ಅಂತ ಖಾತ್ರಿ ಆಯ್ತು. ಲಾಗ್ ಪ್ರಿಂಟ್ ತಗೊಂಡು ಕರೆಂಟ್ ಆಫೀಸಿನ ಸೆಕ್ಷನ್ ಆಫೀಸರ್ ಹತ್ರ ಹೋದೆ. "ಬೆಳಗ್ಗೆ ಅಳೆದಾಗ ಸರಿ ಇತ್ತಲ್ರಿ" ಅಂದ್ರು, ಮಧ್ಯಾಹ್ನದ ಅಂಕಿ ತೋರಿಸಿದ ಮೇಲೆ ಒಪ್ಪಿ ಲೈನ್‌ಮ್ಯಾನ್ ಕಳಿಸಿದ್ರು. ಟ್ರಾನ್ಸ್‌ಫಾರ್ಮರ್ ಟ್ಯಾಪ್ ಒಂದು ಮೆಟ್ಟಿಲು ಬದಲಿಸಿದಾಗ ವೋಲ್ಟೇಜ್ ಸುಮಾರು ಆರು ವೋಲ್ಟ್ ಇಳೀತು, ಟ್ರಿಪ್ ನಿಂತ್ವು. ಬಿ ಸ್ಟ್ರಿಂಗೂ ತೊಳೆದ ಮೇಲೆ ಅದೇ ಸೆಕೆಯಲ್ಲಿ ಪಿಆರ್ 0.81.

ಈಗ ಬೇಸಿಗೆಯಲ್ಲಿ ಒಂದೇ ಸ್ಟ್ರಿಂಗ್ ಮೊದಲು ತೊಳೆದು ಮಾರನೇ ದಿನ ಎರಡನ್ನೂ ಹೋಲಿಸ್ತೀನಿ, ವ್ಯತ್ಯಾಸ 3 ಪರ್ಸೆಂಟ್ ದಾಟಿದ್ರೆ ತೊಳೆಯೋ ಅಂತರ ಕಮ್ಮಿ ಮಾಡ್ತೀನಿ, ದಾಟದಿದ್ರೆ ನೀರು ಉಳಿಸ್ತೀನಿ.