ಟಿಬಿ ಮಾತ್ರೆ ಶುರುವಾದ ಮೇಲೆ ಮಾಲಾ-ಎನ್ ಸೋತಿದ್ದು

ಶಿಡ್ಲಘಟ್ಟ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯಾಧಿಕಾರಿ. ರೇಷ್ಮೆ ಹುಳು ಸಾಕುವ ಮನೆಯ ಹೆಣ್ಣುಮಗಳೊಬ್ಬಳು ಒಂದು ಬೆಳಿಗ್ಗೆ ಬಂದು, "ಅಕ್ಕಾ, ಮುಟ್ಟಿನ ದಿನ ಅಲ್ಲ, ಆದ್ರೂ ನಾಲ್ಕು ದಿನದಿಂದ ಬಟ್ಟೆ ಕಲೆ ಆಗ್ತಿದೆ" ಅಂದಳು. ವಯಸ್ಸು 26, ಎರಡು ಮಕ್ಕಳು. ಎರಡು ವರ್ಷದಿಂದ ಆಶಾ ಕೊಡುವ, ಬಸಿರು ತಡೆಯುವ ಮಾಲಾ-ಎನ್ ಮಾತ್ರೆ ನುಂಗುತ್ತಿದ್ದಾಳೆ.

ಮಾತ್ರೆ ಮರೆತಿರಬೇಕು ಅಂದುಕೊಂಡೆ. ಸ್ಟ್ರಿಪ್ ತರಿಸಿ ಎಣಿಸಿದೆ. ಒಂದೂ ತಪ್ಪಿರಲಿಲ್ಲ. "ಬೇರೆ ಏನಾದರೂ ಮಾತ್ರೆ?" ಅಂತ ಕೇಳಿದಾಗ ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ನೀವೇ ಕೊಡ್ತಿದ್ದೀರಲ್ಲ, ಕೆಮ್ಮಿನದ್ದು."

ಹೌದು, ನಾನೇ. ಐದು ವಾರದ ಹಿಂದೆ ಕಫದಲ್ಲಿ ಟಿಬಿ ಸಿಕ್ಕಿತ್ತು. ತೂಕ 42 ಕೆಜಿ, ದಿನಕ್ಕೆ ಮೂರು ಮಾತ್ರೆ. ಮೂತ್ರ ಕೆಂಪಾಗುತ್ತೆ, ಹೆದರಬೇಡ ಅಂತ ಹೇಳಿದ್ದೆ. ಬಸಿರು ತಡೆಯೋಕೆ ಏನು ಬಳಸ್ತೀಯಾ ಅಂತ ಮಾತ್ರ ಕೇಳಿರಲಿಲ್ಲ.

ಟಿಬಿ ಮಾತ್ರೆಯಲ್ಲಿದ್ದು ಮೂತ್ರ ಕೆಂಪು ಮಾಡುವ ಅದೇ ರಿಫಾಂಪಿಸಿನ್ ಮಾಲಾ-ಎನ್ ಅನ್ನೂ ಕೆಡಿಸುತ್ತದೆ. ಹಾರ್ಮೋನನ್ನು ಒಡೆಯುವ ಕಿಣ್ವಗಳು ಲಿವರ್‌ನಲ್ಲಿರುತ್ತವೆ. ರಿಫಾಂಪಿಸಿನ್ ಅವುಗಳನ್ನು ಜಾಸ್ತಿ ಮಾಡುತ್ತದೆ. ಆಗ ದಿನವೂ ನುಂಗಿದರೂ ರಕ್ತದಲ್ಲಿ ಹಾರ್ಮೋನು ಸಾಕಷ್ಟು ಉಳಿಯುವುದಿಲ್ಲ. ನಡುವೆ ಕಲೆ ಕಾಣುವುದು ಅದರ ಒಂದು ಸುಳಿವು. ಆದರೆ ಕಲೆ ಕಾಣದೆಯೂ ಬಸಿರು ನಿಲ್ಲಬಹುದು, ಹಾಗಾಗಿ ಅದಕ್ಕಾಗಿ ಕಾಯುವ ಹಾಗಿಲ್ಲ. ಎರಡು ಮಾತ್ರೆ ನುಂಗಿದರೆ ಸರಿಹೋಗಲ್ವಾ ಅಂತ ಅವಳು ಕೇಳಿದಳು. ಇಲ್ಲ, ಅದನ್ನು ನಂಬುವ ಹಾಗಿಲ್ಲ.

ಬಸಿರು ಪರೀಕ್ಷೆಯ ನಿಶ್ಚಯ್ ಕಿಟ್‌ನಲ್ಲಿ ಒಂದೇ ಗೆರೆ ಬಂತು, ಅಂದರೆ ಬಸಿರಿಲ್ಲ. ಆದರೆ ಗಂಡನ ಜತೆ ಕೂಡಿ ಎರಡೇ ದಿನ ಆಗಿತ್ತು. ಅಷ್ಟು ಬೇಗ ಕಿಟ್‌ಗೆ ಗೊತ್ತಾಗುವುದಿಲ್ಲ. ಪಿಎಚ್‌ಸಿ ಡಾಕ್ಟರ್‌ಗೆ ಫೋನ್ ಮಾಡಿದೆ. ಅವರು ಮೊದಲು ಹೇಳಿದ್ದು ವಂಕಿ, ಅಂದರೆ ಕಾಪರ್ ಟಿ. ಕೂಡಿದ ಐದು ದಿನದೊಳಗೆ ಹಾಕಿದರೆ ಆ ಸಲದ ಬಸಿರನ್ನೂ ತಡೆಯುತ್ತದೆ, ಅದರಲ್ಲಿ ಹಾರ್ಮೋನೇ ಇಲ್ಲವಾದ್ದರಿಂದ ರಿಫಾಂಪಿಸಿನ್ ಏನೂ ಮಾಡಲಾಗದು. ತುರ್ತು ಮಾತ್ರೆಯೂ ಮಾಲಾ-ಎನ್ ಹಾಗೆಯೇ ಸೋಲುತ್ತದೆ. ಟಿಬಿ ಶ್ವಾಸಕೋಶದಲ್ಲಿದ್ದರೆ ವಂಕಿಗೆ ಅಡ್ಡಿಯಿಲ್ಲ. ಗರ್ಭಕೋಶದ ಭಾಗದಲ್ಲಿದ್ದರೆ ಹಾಕಬಾರದು.

ಅವಳು ಒಪ್ಪಲಿಲ್ಲ. ಓರಗಿತ್ತಿಗೆ ವಂಕಿಯಿಂದ ರಕ್ತ ಜಾಸ್ತಿ ಹೋಗಿತ್ತಂತೆ. ಒತ್ತಾಯ ಮಾಡಲಿಲ್ಲ. ನಿರೋಧ್ ಕೊಟ್ಟು, ಮಾಲಾ-ಎನ್ ಕೂಡ ನಿಲ್ಲಿಸದೆ ಮೂರು ವಾರ ಬಿಟ್ಟು ಬಾ ಅಂದೆ. ಒಂದು ಮಾತನ್ನು ಮಾತ್ರ ಎರಡು ಸಲ ಹೇಳಿದೆ: ಯಾವ ಕಾರಣಕ್ಕೂ ಟಿಬಿ ಮಾತ್ರೆ ಬಿಡಬೇಡ. ನನಗೆ ಅದೇ ಭಯ ಇತ್ತು. ಎರಡರಲ್ಲಿ ಒಂದು ಬಿಡಬೇಕು ಅಂದರೆ ಜನ ಹೊಸದನ್ನೇ ಬಿಡುತ್ತಾರೆ.

ಮೂರು ವಾರಕ್ಕೆ ಮತ್ತೆ ಟೆಸ್ಟ್, ಮತ್ತೆ ಒಂದೇ ಗೆರೆ. ಅವತ್ತೇ ಪಿಎಚ್‌ಸಿಯಲ್ಲಿ ಡಾಕ್ಟರ್ ನೋಡಿ ಅಂತರಾ ಇಂಜೆಕ್ಷನ್ ಕೊಡಿಸಿದರು. ಇದೂ ಹಾರ್ಮೋನೇ, ಆದರೆ ಇದರ ಮೇಲೆ ರಿಫಾಂಪಿಸಿನ್ ಆಟ ನಡೆಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು, ಬೇಗ ಕೊಡಬೇಕಾಗಿಲ್ಲ. ಚುಚ್ಚಿದ ಜಾಗ ಉಜ್ಜಬೇಡ, ಮುಟ್ಟು ಹಿಂದೆ ಮುಂದೆ ಆಗಬಹುದು, ನಿಂತೂ ಹೋಗಬಹುದು ಅಂತ ಮೊದಲೇ ಹೇಳಿದೆ. ಇಲ್ಲದಿದ್ದರೆ ಬಸಿರಾದೆ ಅಂತ ಓಡಿ ಬರ್ತಾಳೆ.

ಆಮೇಲೆ ಲೆಕ್ಕ ಹಾಕಿದೆವು. ಟಿಬಿ ಚಿಕಿತ್ಸೆ ಆರು ತಿಂಗಳು, ಎರಡು ಕಳೆದಿದೆ. ಕೊನೆಯ ಮಾತ್ರೆ ನುಂಗಿದ ಮೇಲೂ ಲಿವರ್ ಹಳೆಯ ಸ್ಥಿತಿಗೆ ಬರಲು ಇನ್ನೂ 28 ದಿನ ಬೇಕು. ಒಟ್ಟು ಐದು ತಿಂಗಳು. ಎರಡು ಅಂತರಾ ಆರು ತಿಂಗಳು ಕಾಯುತ್ತದೆ.

ಅಂದಿನಿಂದ ಟಿಬಿ ಕಾರ್ಡ್ ತೆರೆದಾಗೆಲ್ಲ ಬಸಿರು ತಡೆಯೋಕೆ ಏನು ಬಳಸ್ತೀಯಾ ಅಂತ ಕೇಳುತ್ತೇನೆ. ಮನೆಯವರಿಗೆ ಟಿಬಿ ಬಾರದಿರಲಿ ಅಂತ ವಾರಕ್ಕೊಮ್ಮೆ 12 ವಾರ ಕೊಡುವ ಮಾತ್ರೆಯಲ್ಲಿ ರಿಫಾಪೆಂಟಿನ್ ಇದೆ. ಅದೂ ಇದೇ ಜಾತಿ. ಅವಳ ಓರಗಿತ್ತಿಯನ್ನೂ ಕೇಳಿದೆ. ವಂಕಿ ತೆಗೆಸಿ ಮಾಲಾ-ಎನ್‌ಗೆ ಬಂದಿದ್ದಳು!

ಫಿಟ್ಸ್ ಮಾತ್ರೆಗಳಲ್ಲಿ ಫಿನೈಟಾಯಿನ್, ಕಾರ್ಬಮಜಪಿನ್, ಫಿನೋಬಾರ್ಬಿಟೋನ್ ಕೂಡ ಹೀಗೇ ಮಾಡುತ್ತವೆ. ಅವು ವರ್ಷಗಟ್ಟಲೆ ಇರುವುದರಿಂದ ಬರೀ ನಿರೋಧ್ ನೆಚ್ಚದೆ ವಂಕಿ ಅಥವಾ ಅಂತರಾ ಮಾತಾಡುತ್ತೇನೆ. ವಾಲ್ಪ್ರೊಯೇಟ್ ಮಾಲಾ-ಎನ್ ಅನ್ನು ಕೆಡಿಸುವುದಿಲ್ಲ, ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಕೆಟ್ಟದ್ದು. ಅದನ್ನು ನುಂಗುವವರನ್ನು ಡಾಕ್ಟರ್ ಬಳಿ ಕಳಿಸುತ್ತೇನೆ.

ಇನ್ನು ನೆಗಡಿ, ಗಂಟಲು ನೋವಿಗೆ ಕೊಡುವ ಅಮಾಕ್ಸಿಸಿಲಿನ್, ಅಜಿಥ್ರೋಮೈಸಿನ್‌ಗೆ ಹೆದರಬೇಕಿಲ್ಲ. ಎಲ್ಲಾ ಆಂಟಿಬಯಾಟಿಕ್ ಮಾಲಾ-ಎನ್ ಕೆಡಿಸುತ್ತೆ ಅನ್ನುವುದು ಹಳೇ ಮಾತು. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಮಾತ್ರ ಇನ್ನೊಂದು ನುಂಗಬೇಕು.

ಅವಳ ಕಾರ್ಡಿನ ಹಿಂದೆ ಎರಡು ತಾರೀಖು ಬರೆದಿದ್ದೇನೆ: ಟಿಬಿ ಮಾತ್ರೆ ಮುಗಿಯುವ ದಿನ, ಅದಾಗಿ 28 ದಿನದ್ದು. ಎರಡನೆಯದಕ್ಕೆ ಅವಳೇ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾಳೆ.