ಅಡಿಕೆ ಲೆಕ್ಕದ ಶೀಟ್ ಮಾರುವುದು ಹೇಗೆ? ಬೀಗ ಎಲ್ಲಿ ಹಾಕಬೇಕು, ಹೆಸರು ಎಲ್ಲಿ ಬರೆಯಬೇಕು

ಶಿರಸಿ ಸುತ್ತಮುತ್ತ ಅಡಿಕೆ ಕೊನೆಕೊಯ್ಲು ಶುರುವಾಯಿತು ಅಂದರೆ ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್ ಹೊರಗೆ ಬರುತ್ತದೆ. ಯಾರು ಎಷ್ಟು ದಿನ ಬಂದರು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದು, ರಾಶಿ ಎಷ್ಟು ಕ್ವಿಂಟಲ್ ಹೋಯಿತು, ಚಾಲಿ ಎಷ್ಟು ಉಳಿಯಿತು, ಎಲ್ಲ ಅದರಲ್ಲೇ. ಅದನ್ನೇ ನಾನು ಎಕ್ಸೆಲ್‌ನಲ್ಲಿ ಮಾಡಿ ಮನೆಯ ಲೆಕ್ಕಕ್ಕೆ ಬಳಸುತ್ತಿದ್ದೆ. ನೋಡಿದ ನೆಂಟರು ಕೇಳಿದರು, ಅವರ ನೆಂಟರೂ ಕೇಳಿದರು, ಹಾಗಾಗಿ 149 ರೂಪಾಯಿಗೆ ಮಾರಲು ಶುರು ಮಾಡಿದೆ. ನೀವೂ ಇಂಥದ್ದೊಂದು ಶೀಟ್ ಮಾಡಿ ಮಾರುವುದಾದರೆ ಹೀಗೆ ಮಾಡಿ.

ಮೊದಲು ಕೊಳ್ಳುವವರ ಫೋನನ್ನು ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಅರ್ಧ ಜನ ಶೀಟ್ ತೆರೆಯುವುದೇ ಫೋನಿನಲ್ಲಿ. ಫೋನಿನ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಓಡುವುದಿಲ್ಲ. ಕಂಪ್ಯೂಟರಿನಲ್ಲೂ ಇಂಟರ್ನೆಟ್ಟಿನಿಂದ ಬಂದ ಫೈಲಿನ ಮ್ಯಾಕ್ರೋವನ್ನು ಎಕ್ಸೆಲ್ ತಡೆದುಬಿಡುತ್ತದೆ. ಹಾಗಾಗಿ ಮ್ಯಾಕ್ರೋ ಬೇಡವೇ ಬೇಡ. `XLOOKUP`, `FILTER` ಹಳೆಯ ಎಕ್ಸೆಲ್‌ನಲ್ಲಿ ಇಲ್ಲ. ಗೂಗಲ್ ಶೀಟ್ಸ್‌ನ `QUERY` ಎಕ್ಸೆಲ್‌ಗೆ ಗೊತ್ತೇ ಇಲ್ಲ. ಅಂಥ ಕಡೆ `#NAME?` ಅಂತ ಬರುತ್ತದೆ, ಕೊಂಡವರು ಫೈಲೇ ಹಾಳು ಅಂದುಕೊಳ್ಳುತ್ತಾರೆ. `SUMIFS` ಎರಡೂ ಕಡೆ ನಡೆಯುತ್ತದೆ, ನನ್ನ ಶೀಟಿನ ಮುಕ್ಕಾಲು ಕೆಲಸ ಅದರಲ್ಲೇ ಆಗಿದೆ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಹಳೆಯ ಫಾಂಟ್ ಬಳಸಿದರೆ ಬೇರೆಯವರ ಫೋನಿನಲ್ಲಿ ಅಕ್ಷರವೇ ಓದಲಾಗುವುದಿಲ್ಲ.

ಈಗ ಬೀಗದ ವಿಷಯ. ಇಲ್ಲಿ ತುಂಬ ಜನ ಎಡವುತ್ತಾರೆ, ನಾನೂ ಎಡವಿದ್ದೆ. ಎಕ್ಸೆಲ್‌ನ Protect Sheet ಕಳ್ಳರನ್ನು ತಡೆಯಲು ಇರುವುದಲ್ಲ. `.xlsx` ಅಂದರೆ ಒಳಗೆ ಒಂದು ಜಿಪ್ ಫೈಲ್ ಅಷ್ಟೇ. ಬಿಚ್ಚಿ ಒಂದು ಸಾಲು ಅಳಿಸಿದರೆ ಬೀಗ ಹೋಯಿತು, ಪಾಸ್‌ವರ್ಡ್ ಎಷ್ಟು ಉದ್ದ ಇದ್ದರೂ ಅಷ್ಟೇ. ಆದರೂ ಈ ಬೀಗ ಬೇಕು, ಯಾಕೆಂದರೆ ಕೈತಪ್ಪಿ ಆಗುವ ಹಾಳನ್ನು ಇದು ತಡೆಯುತ್ತದೆ.

ಒಂದು ಉದಾಹರಣೆ ನೋಡಿ. ಒಬ್ಬರು 22 ದಿನ ಬಂದಿದ್ದಾರೆ, ದಿನಕ್ಕೆ 500 ರೂಪಾಯಿ, ಮುಂಗಡ 3,000. ಬಾಕಿ 8,000 ಅಂತ ಶೀಟ್ ತೋರಿಸುತ್ತದೆ. ಆ ಬಾಕಿಯ ಮನೆಯಲ್ಲಿ, ಅಂದರೆ ಎಕ್ಸೆಲ್‌ನ ಸೆಲ್‌ನಲ್ಲಿ, ಯಾರೋ ಬೆರಳು ತಾಗಿಸಿ, ಗಾಬರಿಯಾಗಿ, 8000 ಅಂತ ತಾವೇ ಟೈಪ್ ಮಾಡಿದರು ಅನ್ನಿ. ಅಲ್ಲಿದ್ದ ಸೂತ್ರ ಹೋಯಿತು. ಮುಂದೆ ದಿನ 25 ಆದಾಗ ಬಾಕಿ 9,500 ಆಗಬೇಕು, ಅದು 8,000ದಲ್ಲೇ ನಿಂತಿರುತ್ತದೆ. ಕೆಲಸದವರಿಗೆ 1,500 ಕಡಿಮೆ ಕೊಟ್ಟ ಹಾಗಾಯಿತು ಅಲ್ವಾ? ಯಾರಾದರೂ ಲೆಕ್ಕ ತಪ್ಪಿದೆ ಅಂತ ಫೈಲ್ ವಾಪಸ್ ಕಳಿಸಿದರೆ ಬೀಗ ತೆಗೆದು `Ctrl` ಜೊತೆ `` ` `` ಒತ್ತಿ. ಎಲ್ಲ ಸೂತ್ರಗಳು ಕಾಣುತ್ತವೆ, ಸೂತ್ರ ಇರಬೇಕಾದ ಜಾಗದಲ್ಲಿ ಬರೀ ಸಂಖ್ಯೆ ಇದ್ದರೆ ತಪ್ಪು ಅಲ್ಲೇ.

ಬೀಗ ಹಾಕುವ ಕ್ರಮ ಹೀಗಿದೆ. ಎಕ್ಸೆಲ್‌ನಲ್ಲಿ ಎಲ್ಲ ಮನೆಗಳೂ ಮೊದಲಿನಿಂದಲೇ Locked ಆಗಿರುತ್ತವೆ. ಹಾಗಾಗಿ ಕೊಂಡವರು ತುಂಬಬೇಕಾದ ಮನೆಗಳನ್ನು (ತಾರೀಖು, ಹೆಸರು, ದಿನ, ದರ, ಮುಂಗಡ) ಆರಿಸಿ, Format Cells ಒಳಗಿನ Protection ಟ್ಯಾಬಿನಲ್ಲಿ Locked ಗುರುತು ತೆಗೆಯಿರಿ. ಆ ಮನೆಗಳಿಗೆ ತಿಳಿ ಹಳದಿ ಬಣ್ಣ ಕೊಡಿ, ಎಲ್ಲಿ ಬರೆಯಬೇಕು ಅಂತ ಹೇಳುವ ಕೆಲಸವೇ ಇರುವುದಿಲ್ಲ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಇಂಥ ಅಡಿಕೆಯ ಬಗೆಗಳನ್ನೆಲ್ಲ ಡ್ರಾಪ್‌ಡೌನ್ ಪಟ್ಟಿ ಮಾಡಿ. ಒಬ್ಬರು ಚಾಲಿ, ಇನ್ನೊಬ್ಬರು ಚಾಳಿ ಅಂತ ಬರೆದರೆ `SUMIFS` ಎರಡನ್ನೂ ಬೇರೆ ಬೇರೆ ಎಣಿಸುತ್ತದೆ. ಆಮೇಲೆ Review ಮೆನುವಿನಲ್ಲಿ Protect Sheet.

ಇಲ್ಲೊಂದು ತೊಡಕಿದೆ. ಬೀಗ ಹಾಕಿದ ಶೀಟಿನಲ್ಲಿ ಟೇಬಲ್ ತಾನಾಗಿ ಕೆಳಕ್ಕೆ ಬೆಳೆಯುವುದಿಲ್ಲ. ಐದು ಆಳು, 90 ದಿನ ಅಂದರೆ 450 ಸಾಲು ಬೇಕು. ನಾನು ಸೂತ್ರ ಸಮೇತ 600 ಸಾಲು ಮೊದಲೇ ಇಟ್ಟುಬಿಡುತ್ತೇನೆ. ಈ ಬೀಗಕ್ಕೆ ಪಾಸ್‌ವರ್ಡ್ ಹಾಕುವುದಿಲ್ಲ. ತಿದ್ದಬಹುದಾದ ಶೀಟ್ ಅಂತ ಹೇಳಿ ಮಾರುತ್ತಿದ್ದೇವೆ, ತೋಟದವರಿಗೆ ಕಾಳುಮೆಣಸಿನ ಒಂದು ಕಾಲಂ ಸೇರಿಸಬೇಕು ಅನಿಸಿದರೆ ಸೇರಿಸಿಕೊಳ್ಳಲಿ.

ಹಾಗಾದರೆ ನಕಲು ತಡೆಯುವುದು ಹೇಗೆ? ಪೂರ್ತಿ ತಡೆಯಲು ಆಗುವುದಿಲ್ಲ. ಆದರೆ ಸುಲಭವಾಗಿ ಫಾರ್ವರ್ಡ್ ಮಾಡಲು ಮನಸ್ಸಾಗದ ಹಾಗೆ ಮಾಡಬಹುದು. ಪ್ರತಿ ಫೈಲಿನಲ್ಲೂ ಕೊಂಡವರ ಹೆಸರು ಹಾಕಿ. ನನ್ನ ಫೈಲಿನಲ್ಲಿ ‘ಮಾಹಿತಿ’ ಅಂತ ಒಂದು ಶೀಟ್ ಇದೆ, ಅದರ `B2` ಮನೆಯಲ್ಲಿ ಕೊಂಡವರ ಹೆಸರು, ಊರು, ಆರ್ಡರ್ ನಂಬರ್. ಪ್ರಿಂಟ್ ಆಗುವ ಪ್ರತಿ ಶೀಟಿನ ತಲೆಬರಹಕ್ಕೆ ಈ ಸೂತ್ರ:

```
="ಅಡಿಕೆ ಲೆಕ್ಕ – "&'ಮಾಹಿತಿ'!$B$2
```

ಆಮೇಲೆ ಆ ಶೀಟನ್ನು Hide ಮಾಡಿ, Protect Workbook ಪಾಸ್‌ವರ್ಡ್ ಹಾಕುತ್ತೇನೆ. ಇದನ್ನೂ ಒಡೆಯಬಹುದು, ಗೊತ್ತು. ಆದರೆ ಸುಮ್ನೆ ಪಕ್ಕದ ಮನೆಯವರಿಗೆ ಕಳಿಸುವವರು ಅಷ್ಟು ದೂರ ಹೋಗುವುದಿಲ್ಲ. ಒಂದು ಆರ್ಡರ್‌ಗೆ ಮೂರು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಗೂಗಲ್ ಶೀಟ್ಸ್‌ನಲ್ಲಿ ಕೊಡುವಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೊದಲ ಸಲ ಲಿಂಕನ್ನು Editor ಅಂತ ಇಟ್ಟು ಕಳಿಸಿದ್ದೆ. ಎರಡು ದಿನ ಬಿಟ್ಟು ತೆರೆದರೆ ನನ್ನ ಮೂಲ ಶೀಟಿನಲ್ಲೇ ಯಲ್ಲಾಪುರದ ಒಬ್ಬರ ಕೂಲಿ ಲೆಕ್ಕ, ಅದರ ಕೆಳಗೆ ಇನ್ನೊಬ್ಬರ ಮುಂಗಡ. ಒಬ್ಬರ ಮನೆಯ ಲೆಕ್ಕ ಇನ್ನೊಬ್ಬರಿಗೆ ಕಂಡುಹೋಯಿತು, ನನಗೆ ತುಂಬ ಬೇಜಾರಾಯಿತು. ಈಗ ಪ್ರತಿ ಆರ್ಡರ್‌ಗೆ ಮೂಲದ ಒಂದು ಪ್ರತಿ ತೆಗೆದು, ಹೆಸರು ಹಾಕಿ, ಕೊಂಡವರ ಜಿಮೇಲ್‌ಗೆ ಮಾತ್ರ Viewer ಆಗಿ ಹಂಚುತ್ತೇನೆ. ಲಿಂಕಿನ ಕೊನೆಯಲ್ಲಿರುವ `/edit` ಮತ್ತು ಅದರ ಮುಂದಿನದ್ದನ್ನೆಲ್ಲ ತೆಗೆದು `/copy` ಅಂತ ಬರೆಯುತ್ತೇನೆ. ಅವರು ಒತ್ತಿದ ಕೂಡಲೇ ಪ್ರತಿ ಮಾಡಿಕೊಳ್ಳಲು ಕೇಳುತ್ತದೆ, ಪ್ರತಿ ಅವರ ಡ್ರೈವ್‌ಗೆ ಹೋಗುತ್ತದೆ. ಆ ಲಿಂಕ್ ಬೇರೆಯವರಿಗೆ ಕಳಿಸಿದರೂ ತೆರೆಯುವುದಿಲ್ಲ. ಹಂಚುವಾಗ ಸೆಟ್ಟಿಂಗ್ಸ್‌ನಲ್ಲಿ ನೋಡುವವರಿಗೆ ಡೌನ್‌ಲೋಡ್, ಪ್ರಿಂಟ್, ಕಾಪಿ ಬಿಡುವ ಗುರುತನ್ನು ಮಾತ್ರ ತೆಗೆಯಬೇಡಿ, ತೆಗೆದರೆ ಕೊಂಡವರೂ ಪ್ರತಿ ಮಾಡಲಾಗುವುದಿಲ್ಲ. ಅವರು ಪ್ರತಿ ಮಾಡಿಕೊಂಡ ಮೇಲೆ ಹಂಚಿದ್ದನ್ನು ವಾಪಸ್ ತೆಗೆಯಿರಿ. ಆ ಪ್ರತಿಗೆ ಅವರೇ ಒಡೆಯರು, ಅಲ್ಲಿ ನಿಮ್ಮ ಬೀಗ ನಡೆಯುವುದಿಲ್ಲ. ಹೆಸರು ಮಾತ್ರ ಜೊತೆಗೆ ಹೋಗಿರುತ್ತದೆ.

ಕಟ್ಟಿಕೊಡುವುದು ಸರಳ. ಜಿಪ್ ಮಾಡಬೇಡಿ, ಫೋನಿನಲ್ಲಿ ಬಿಚ್ಚಲು ಒದ್ದಾಡುತ್ತಾರೆ. ಖಾಲಿ ಫೈಲ್ ಒಂದು, ಒಂದು ವಾರದ ಸುಳ್ಳು ಲೆಕ್ಕ ತುಂಬಿದ ಮಾದರಿ ಒಂದು, ಎರಡು ಪುಟದ ಪಿಡಿಎಫ್ ಒಂದು. ಪಿಡಿಎಫ್‌ನ ಮೊದಲ ಪುಟದಲ್ಲಿ ಎರಡೇ ಮಾತು ದೊಡ್ಡದಾಗಿ ಬರೆಯಿರಿ: ಕಂಪ್ಯೂಟರಿನಲ್ಲಿ ಮೇಲೆ ಹಳದಿ ಪಟ್ಟಿ ಬಂದರೆ Enable Editing ಒತ್ತಿ, ಮತ್ತು ವಾಟ್ಸಾಪ್‌ನಿಂದ ತೆರೆದ ಫೈಲನ್ನು ಮೊದಲು ಫೋನಿನಲ್ಲಿ ಬೇರೆ ಕಡೆ ಉಳಿಸಿಕೊಂಡು ಆಮೇಲೆ ತುಂಬಿ. ನನಗೆ ಬರುತ್ತಿದ್ದ ಫೋನ್‌ಗಳಲ್ಲಿ ಹೆಚ್ಚಿನವು ಈ ಎರಡರ ಬಗ್ಗೆಯೇ. ಎರಡನೇ ಪುಟದಲ್ಲಿ ಒಂದು ಮನೆಯ ಬಳಕೆಗೆ ಮಾತ್ರ ಅಂತ ಷರತ್ತು ಬರೆಯಿರಿ. ಹಣದ ಸ್ಕ್ರೀನ್‌ಶಾಟ್ ನೋಡಿ ಫೈಲ್ ಕಳಿಸಬೇಡಿ, ನಿಮ್ಮ ಖಾತೆಗೆ ಬಂದಿದೆಯಾ ಅಂತ ನೋಡಿ ಕಳಿಸಿ.

ಕೊಂಡವರ ಪಟ್ಟಿ ಇಟ್ಟುಕೊಳ್ಳಿ. ಮುಂದಿನ ಕೊಯ್ಲಿಗೆ ತಿದ್ದಿದ ಫೈಲನ್ನು ಆ ಪಟ್ಟಿಯವರಿಗೆ ಉಚಿತವಾಗಿ ಕಳಿಸುತ್ತೇನೆ. ಹೋದ ಸಲ ಸಿದ್ದಾಪುರದಿಂದ ಒಬ್ಬರು ಫೋನ್ ಮಾಡಿದ್ದರು. ‘ನಿಮ್ಮ ಶೀಟ್ ಪ್ರಿಂಟ್ ತೆಗೆದರೆ ನಮ್ಮ ಭಾವನ ಹೆಸರು ಬರ್ತದೆ, ಕೆಲಸದವರೆಲ್ಲ ಇದ್ಯಾರ ಲೆಕ್ಕ ಅಂತ ಕೇಳ್ತಾರೆ, ನಮ್ಮ ಹೆಸರಿಂದು ಒಂದು ಕಳಿಸಿ’ ಅಂದರು. ಅದೇ ದಿನ ಸಂಜೆ ಅವರ ಹೆಸರು ಹಾಕಿ ಕಳಿಸಿದೆ.